ನಮ್ಮ ನೀರಿನ ಗ್ರೂಪಿಗೆ ಯಾವುದು ಬರೋಬ್ಬರಿ: ಮ್ಯೂಟಾ, ಪಿನ್ನಾ, ಅಡ್ಮಿನ್ ಅಷ್ಟೇನಾ? ಮೂರೂ ಮಾಡಿ ನೋಡೇನಿ

ನಮ್ಮದು ಹುಬ್ಬಳ್ಳಿ, ಹೊಸಾ ಲೇಔಟು. ನಳಕ್ಕ ನೀರು ವಾರಕ್ಕೊಮ್ಮೆ ಬರ್ತೈತಿ, ಒಮ್ಮೊಮ್ಮೆ ಎಂಟು ದಿನಾ ಆಗ್ತೈತಿ. ಇಂಥಾ ದಿನಾ ಬರ್ತೈತಿ ಅಂತ ಅಂದಾಜು ಇರ್ತೈತಿ ಖರೇ, ಆದ್ರ ರಾತ್ರಿ ಎರಡಕ್ಕೋ ಮುಂಜಾನೆ ಐದಕ್ಕೋ ಅನ್ನೂದು ವಾಲ್ವ್ ತಿರಗಸಾಂವಗ ಅಷ್ಟ ಗೊತ್ತು. ಅದಕ್ಕಂತ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ವಿ, ಸುರುವಿಗೆ ನಲವತ್ತು ಮನಿ ಇದ್ವು, ಈಗ 870 ಮಂದಿ ಆಗ್ಯಾರ. ಗ್ರೂಪಿಗೆ ಮಿತಿ 1024, ಹಿಂಗ ಸೇರ್ಕೋತ ಹೋದ್ರ ಅದೂ ತುಂಬತೈತಿ ಅಂತ ನಮ್ಮ ಮನ್ಯಾವ್ರು ನಗ್ತಾರ. ನಾನು ಅಡ್ಮಿನ್ ಆಗಿದ್ದು ಬ್ಯಾರೆ ಏನೂ ಕಾರಣಕ್ಕಲ್ಲ, ಯಾವ ಕ್ರಾಸಿಗೆ ಯಾವಾಗ ನೀರು ಬಂತು ಅಂತ ಹಾಲಿನ ಲೆಕ್ಕದ ವಹ್ಯಾಗ ಬರದಿಡ್ತಿದ್ದೆ, ಅಷ್ಟಕ್ಕ.

ಒಂದಿನ ರಾತ್ರಿ 2:40ಕ್ಕ ನೀರು ಬಂದು 4ಕ್ಕ ಹೋತು. 2ನೇ ಕ್ರಾಸಿನವ್ರು ಒಬ್ರು "ನೀರು ಬಂತು" ಅಂತ ಹಾಕಿದ್ರು, ಯಾರಿಗೂ ಕೇಳ್ಲಿಲ್ಲ. ಯಾಕಂದ್ರ ಅವತ್ತು ಸಂಜಿಯಿಂದ ಯಾರದೋ ಹುಟ್ಟುಹಬ್ಬ ನಡದಿತ್ತು, ನೂರಾರು ಕೇಕು ಹೂವು ಬಂದಿದ್ವು, ತಲಿ ಕೆಟ್ಟು ಅರ್ಧ ಮಂದಿ ಮ್ಯೂಟ್ ಮಾಡಿ ಮಲ್ಕೊಂಡಿದ್ರು. ಮರದಿನ ಟ್ಯಾಂಕರಿಗೆ ಫೋನ್ ಮಾಡಿದ್ದೇ ಮಾಡಿದ್ದು. ಅಲ್ಲಿಂದ ಈ ಪ್ರಯೋಗ ಸುರು ಆತು, ಒಂದೊಂದನ್ನ ಸುಮಾರು ತಿಂಗಳ ತಿಂಗಳ ನೋಡಿದ್ವಿ.

ಮೊದಲು ಮ್ಯೂಟ್

ಗದ್ಲ ಬ್ಯಾಡ ಅನ್ನಾವ್ರು ಮ್ಯೂಟ್ ಮಾಡ್ಕೋರಿ ಅಂತ ನಾವೇ ಹೇಳಿದ್ವಿ. 8 ತಾಸು, 1 ವಾರ, ಯಾವಾಗ್ಲೂ ಅಂತ ಮೂರು ಆಯ್ಕೆ ಅದಾವಲ್ಲ, ಎಲ್ಲಾರೂ 'ಯಾವಾಗ್ಲೂ' ಅನ್ನೂದನ್ನ ಒತ್ತತಾರ, ಆಮ್ಯಾಲೆ ಮರೀತಾರ. 8 ತಾಸು ಮ್ಯೂಟ್ ಮಾಡೂದು ನೀರಿನ ಗ್ರೂಪಿಗೆ ಇನ್ನೂ ಕೆಟ್ಟದ್ದು ನೋಡ್ರಿ, ರಾತ್ರಿ ಹತ್ತಕ್ಕ ಮಾಡಿದ್ರ ಮುಂಜಾನೆ ಆರರ ತನಕ ಸುಮ್ಮನಿರ್ತೈತಿ, ನೀರು ಬರೂದೇ ಆ ಹೊತ್ನ್ಯಾಗ.

ಮ್ಯೂಟಿನ್ಯಾಗ ಒಂದು ಕಿಂಡಿ ಐತಿ. ಗ್ರೂಪ್ ಮ್ಯೂಟ್ ಇದ್ರೂ ನಿಮ್ಮ ಹೆಸರು @ ಹಾಕಿ ಕರದ್ರ ಇಲ್ಲಾ ನಿಮ್ಮ ಮೆಸೇಜಿಗೇ ರಿಪ್ಲೈ ಮಾಡಿದ್ರ ಫೋನ್ ಬಾರಸ್ತೈತಿ. ಅದನ್ನ ಉಪಯೋಗಿಸಿ ನೋಡಿದೆ, ನಮ್ಮ ಕ್ರಾಸಿನ ಹನ್ನೆರಡು ಮನಿಯವ್ರನ್ನ ಒಬ್ಬೊಬ್ರನ್ನ ಕರದೆ. ನಿದ್ದಿಗಣ್ಣಾಗ ರಾತ್ರಿ ಮೂರಕ್ಕ ಹನ್ನೆರಡು ಹೆಸರು ಹುಡಕೂದು ಅಂದ್ರ ಅಷ್ಟರಾಗ ನನ್ನ ಸಂಪೇ ತುಂಬಿ ಹರೀತು, ಎಲ್ಲಾ ಬಿಟ್ಟು ನಳ ಬಂದ್ ಮಾಡಾಕ ಓಡಿದೆ. ಹತ್ತು ಮನಿಗೆ ನಡೀತೈತಿ, 870ಕ್ಕ ಆಗೂ ಮಾತಲ್ಲ.

ಇನ್ನೊಂದು, ಭಾಳ ಮಂದಿ ಮ್ಯೂಟ್ ಮಾಡೀನಿ ಅಂತಾರ, ಖರೇ ಅಂದ್ರ ಆರ್ಕೈವ್ ಮಾಡಿರ್ತಾರ. ಹೊಸಾ ಮೆಸೇಜ್ ಬಂದ್ರೂ ಗ್ರೂಪ್ ಮ್ಯಾಲೆ ಬರೂದಿಲ್ಲ, ಕೆಳಗೇ ಮುಚ್ಕೊಂಡು ಕುಂತಿರ್ತೈತಿ. ನಮ್ಮ ಬಾಜೂ ಮನಿ ಕಾಕಾಗ "ಗ್ರೂಪೇ ಇಲ್ಲವಾ ನನ್ನ ಫೋನಿನ್ಯಾಗ, ಯಾರೋ ತಗದಾರ" ಅಂತ ಸಿಟ್ಟು ಬಂದಿತ್ತು, ನೋಡಿದ್ರ ಆರ್ಕೈವಿನ್ಯಾಗ ಸಾವಿರ ಮೆಸೇಜ್ ಇದ್ದು ಕುಂತಿತ್ತು.

ಮ್ಯೂಟ್ ಓದಾವ್ರ ಕಿವಿ ಉಳಸ್ತೈತಿ, ಗ್ರೂಪನ್ನಲ್ಲ. ಬೇಕಾದ್ದು ಬ್ಯಾಡಾದ್ದು ಎರಡನ್ನೂ ಒಟ್ಟಿಗೇ ಮುಚ್ಚತೈತಿ.

ಆಮ್ಯಾಲೆ ಪಿನ್

ಇದರ ಮ್ಯಾಲೆ ನನಗ ಭಾಳ ಆಸೆ ಇತ್ತು. ಮೂರು ಮೆಸೇಜ್ ತನಕ ಪಿನ್ ಮಾಡಬಹುದು, 24 ತಾಸು, 7 ದಿನಾ, 30 ದಿನಾ ಅಂತ ಅವಧಿ ಕೇಳತೈತಿ. ವಾರದ ನೀರಿಗೆ 7 ದಿನಾ ಅಳತಿ ತಗೊಂಡು ಹೊಲ್ಸಿಧಂಗ ಆತಲ್ಲ ಅಂದ್ಕೊಂಡೆ.

ಮೊದಲನೇ ವಾರ ನಾನು ಹಾಕಿದ್ದು ಹಿಂಗಿತ್ತು: "ಎಲ್ಲಾ ಬಡಾವಣೆ ಬಾಂಧವರಿಗೆ ನಮಸ್ಕಾರಗಳು, ಈ ಮೂಲಕ ತಿಳಿಸುವುದೇನೆಂದರೆ", ಮುಂದ ಎಂಟು ಸಾಲು. ಪಿನ್ ಆದ್ಮ್ಯಾಲೆ ಮ್ಯಾಲಿನ ಪಟ್ಟಿಯೊಳಗ ಕಂಡದ್ದು ನಮಸ್ಕಾರ ಅಷ್ಟ! ಅಲ್ಲಿ ಒಂದು ಸಾಲೂ ಪೂರ್ತಿ ಹಿಡಿಯೂದಿಲ್ರೀ. ಒತ್ತಿ ಒಳಗ ಹೋಗಿ ಓದಾವ್ರು ಭಾಳ ಕಡಿಮಿ. ಎರಡನೇ ವಾರ "ಮಂಗಳ ರಾತ್ರಿ: 1-4 ಕ್ರಾಸ್" ಅಂತ ಸುರು ಮಾಡಿದೆ, ಅವತ್ತಿನಿಂದ "ಅಕ್ಕಾರ ನೀರು ಯಾವಾಗ್ರಿ" ಅನ್ನೂ ಫೋನ್ ಖರೇನ ಕಡಿಮಿ ಆದ್ವು. ವಿವರ ಕೆಳಗ ಬರೀರಿ, ದಿನಾ ಮತ್ತ ಕ್ರಾಸ್ ಮೊದಲನೇ ನಾಕು ಶಬ್ದದಾಗ ಬರಬೇಕು. ಫೋಟೋ ಪಿನ್ ಮಾಡಬ್ಯಾಡ್ರಿ, ನೋಟೀಸಿನ ಫೋಟೋ ಹೊಡದು ಪಿನ್ ಮಾಡಿದ್ರ ಪಟ್ಟಿಯೊಳಗ ಫೋಟೋ ಅಂತಷ್ಟ ಕಾಣತೈತಿ.

ಮೂರನೇ ವಾರ ಕೈ ಕೊಟ್ಟಿತು. ದೊಡ್ಡ ಪೈಪು ಎಲ್ಲೋ ಒಡೀತು, ಮಂಗಳವಾರದ್ದು ಗುರುವಾರಕ್ಕ ಹೋತು. ಮೆಸೇಜ್ ತಿದ್ದೂಣು ಅಂದ್ರ ಹಾಕಿ 15 ನಿಮಿಷ ಆದ್ಮ್ಯಾಲೆ ತಿದ್ದಾಕ ಬರೂದಿಲ್ಲ. ನಾನು ಹೊಸಾ ಮೆಸೇಜ್ ಹಾಕಿ ಅದನ್ನೂ ಪಿನ್ ಮಾಡಿದೆ, ಹಳೇದನ್ನ ತಗೀಯಾಕ ಮರತೆ. ಮ್ಯಾಲೆ ಎರಡೂ ಇದ್ವು, ಮಂಗಳವಾರ ಅಂತ ಒಂದು ಗುರುವಾರ ಅಂತ ಒಂದು. ಪಿನ್ ಇಲ್ದಿದ್ರ ಮಂದಿ ಕೇಳ್ತಿದ್ರು, ತಪ್ಪು ಪಿನ್ ಇದ್ದಾಗ ಕೇಳೂದೂ ಇಲ್ಲ, ನಂಬಿ ಸಂಪ್ ತೊಳದು ಖಾಲಿ ಮಾಡಿ ಕುಂದರ್ತಾರ. ಖರೇ ಒಬ್ರು ತೊಳದಿದ್ರು, ಇವತ್ತಿಗೂ ನನ್ನ ಕೂಡ ಸರಿಯಾಗಿ ಮಾತಾಡೂದಿಲ್ಲ. ಅದಕ್ಕ ದಿನಾಂಕ ಇರೂ ಮೆಸೇಜಿಗೆ ಈಗ 24 ತಾಸಿನ ಪಿನ್ ಅಷ್ಟ ಹಾಕ್ತೀನಿ, ಮರತ್ರೂ ತಾನೇ ಬಿದ್ದು ಹೋಗ್ತೈತಿ. 30 ದಿನದ್ದು ಬದಲಾಗದ ಮಾಹಿತಿಗೆ: ಯಾವ ಕ್ರಾಸ್ ಯಾವ ವಾಲ್ವಿಗೆ ಬರ್ತೈತಿ, ಟ್ಯಾಂಕರ್ ನಂಬರ್ ಯಾವುದು.

ನಾಕನೇದ್ದು ಪಿನ್ ಮಾಡಿದ್ರ ಹಳೇದು ಹೊರಗ ಬೀಳತೈತಿ. ನಮ್ಮಲ್ಲಿ ಒಬ್ರು ಗೃಹಪ್ರವೇಶದ ಆಮಂತ್ರಣ ಪಿನ್ ಮಾಡಿ ವಾಲ್ವಿನ ಪಟ್ಟಿ ಹಾರಿಸಿಬಿಟ್ರು. ಅವರ ತಪ್ಪೇನಿಲ್ಲ, ಸುರುವಿಗೆ ಎಲ್ಲಾ ಮೆಂಬರಿಗೂ ಆ ಅಧಿಕಾರ ಇರ್ತೈತಿ. ಗ್ರೂಪ್ ಇನ್ಫೋದಾಗ ಗ್ರೂಪ್ ಪರ್ಮಿಷನ್ಸ್ ಅಂತ ಐತಲ್ಲ, ಅಲ್ಲಿ ಗ್ರೂಪ್ ಸೆಟ್ಟಿಂಗ್ ತಿದ್ದೂದನ್ನ ಮೆಂಬರಿಗೆ ಬಂದ್ ಮಾಡಿದ್ರ ಪಿನ್ನೂ ಅಡ್ಮಿನ್ ಕೈಗೆ ಬರ್ತೈತಿ. ಇದನ್ನ ಮೊದಲನೇ ದಿನಾನೇ ಮಾಡ್ರಿ.

ಹೊಸದಾಗಿ ಸೇರಿದವ್ರಿಗೆ ಅವ್ರು ಬರೂಕಿಂತ ಮೊದಲು ಹಾಕಿದ ಪಿನ್ ಕಾಣೂದಿಲ್ಲ. ಬಾಡಿಗಿ ಬದಲಾಗಿ ತಿಂಗಳಿಗೆ ಹತ್ತಿಪ್ಪತ್ತು ಮಂದಿ ಬರ್ತಾರ, ಅವರದು ಅದೇ ಪ್ರಶ್ನೆ. ವಾಲ್ವಿನ ಪಟ್ಟೀನ ಗ್ರೂಪಿನ ಡಿಸ್ಕ್ರಿಪ್ಷನ್ನಿಗೂ ಹಾಕಿದೆ, ಅಲ್ಲಿ 2048 ಅಕ್ಷರ ಹಿಡೀತಾವು, ಹದಿನಾಕು ಕ್ರಾಸಿನ ಪಟ್ಟಿಗೆ ಸಾಕಾಗಿ ಮಿಕ್ಕಿತು.

ಇಷ್ಟೆಲ್ಲಾ ಸರಿ, ಆದ್ರ ಪಿನ್ ಮಲಗಿದವ್ರನ್ನ ಎಬ್ಬಸೂದಿಲ್ಲ. ನೀರು ಬಂತು ಅನ್ನೂ ಮೆಸೇಜಿಗೆ ಅದು ದಂಡ.

ಕಡೀಕ ಅಡ್ಮಿನ್ ಅಷ್ಟೇ

ಅದೇ ಗ್ರೂಪ್ ಪರ್ಮಿಷನ್ಸ್‌ನ್ಯಾಗ ಮೆಂಬರು ಮೆಸೇಜ್ ಕಳಸೂದನ್ನ ಬಂದ್ ಮಾಡಿದ್ವಿ. ಆಹಾ, ಏನು ಶಾಂತಿ ಅಂತೀರಿ. ಮ್ಯೂಟ್ ತಗೀರಿ ಅಂತ ಎರಡು ದಿನಾ ಬೆನ್ನು ಹತ್ತಿ ಹೇಳಿದ್ವಿ, ಭಾಳ ಮಂದಿ ತಗದ್ರು, ವಾರಕ್ಕ ಐದಾರು ಮೆಸೇಜ್ ಅಷ್ಟ ಅಂದ ಮ್ಯಾಲೆ ಯಾರು ಮ್ಯೂಟ್ ಮಾಡ್ತಾರ?

ಆದ್ರ ಮೊದಲನೇ ನೀರಿಗೇ ಎಡವಿದ್ವಿ. ನಮ್ಮ ಕಡೆ ನೀರು ಬರೂದು ಹೆಂಗಂದ್ರ, ವಾಲ್ವ್ ತಿರಗಿಸಿದ ಕೂಡ್ಲೇ ತೆಗ್ಗಿನ 1, 2ನೇ ಕ್ರಾಸಿಗೆ ಬರ್ತೈತಿ, ಅವರ ಸಂಪ್ ತುಂಬಕೋತ ಬಂದಂಗ ಪ್ರೆಷರ್ ಏರಿ ಏರಿನ ಮ್ಯಾಲಿನ 9ನೇ ಕ್ರಾಸಿಗೆ ಮುಟ್ಟಾಕ ಮುಕ್ಕಾಲು ತಾಸು, ಒಮ್ಮೊಮ್ಮೆ ಒಂದು ತಾಸು ಬೇಕು. ಅಂದ್ರ 2ನೇ ಕ್ರಾಸಿನವ್ರು "ಬಂತು" ಅಂದ್ರ 9ನೇ ಕ್ರಾಸಿನವ್ರಿಗೆ ಅದು ಮುಕ್ಕಾಲು ತಾಸು ಮೊದಲೇ ಸಿಕ್ಕ ಸುದ್ದಿ, ಎದ್ದು ಮೋಟರ್ ನೋಡಾಕ ಟೈಮ್ ಸಿಗತೈತಿ. ನಾವು ಮೂರೂ ಅಡ್ಮಿನ್ 6, 7, 8ನೇ ಕ್ರಾಸಿನವ್ರು. ನಮಗ ಬಂದಾಗ ನಾವು ಹಾಕ್ತೀವಿ, ಅಷ್ಟೊತ್ತಿಗೆ ಕೆಳಗಿನವ್ರದ್ದು ಅರ್ಧ ಮುಗದಿರ್ತೈತಿ. 2ನೇ ಕ್ರಾಸಿನವ್ರಿಗೆ ಗೊತ್ತಿತ್ತು, ಹೇಳಾಕ ಬಾಯಿ ಮುಚ್ಚಿದ್ದವ್ರು ನಾವೇ. ಅಡ್ಮಿನ್ನಿಗೆ ಖಾಸಗಿ ಮೆಸೇಜ್ ಕಳಸೂ ದಾರಿ ಇರ್ತೈತಿ, ಅವ್ರು ಕಳ್ಸಿದ್ರೂ ಕೂಡ, ಆದ್ರ ನಾನು ಮಲಗಿದ್ದೆ.

ಹಂಗಾಗಿ ಬಾಯಿ ಮುಚ್ಚೂದನ್ನ ಬಿಡದ, ಬಾಯಿ ಇದ್ದವ್ರನ್ನ ಹೆಚ್ಚ ಮಾಡಿದ್ವಿ. ಪ್ರತಿ ವಾಲ್ವಿಗೆ ಇಬ್ರು, ಅದೂ ಮೊದಲು ನೀರು ಬರೂ ಮನಿಯವ್ರನ್ನೇ ಹುಡುಕಿ ಅಡ್ಮಿನ್ ಮಾಡಿದ್ವಿ, ನಾಕು ವಾಲ್ವಿಗೆ ಎಂಟು ಮಂದಿ. ಇಬ್ರು ಯಾಕಂದ್ರ ಒಬ್ರು ಊರಿಗೆ ಹೋಗಿರ್ತಾರ. ಅಡ್ಮಿನ್ ಮಾಡೂದಂದ್ರ ಮೆಸೇಜ್ ಹಾಕೂದಷ್ಟ ಅಲ್ಲ, ಮಂದೀನ ತಗೀಬಹುದು, ಬ್ಯಾರೆಯವ್ರ ಮೆಸೇಜ್ ಅಳಸಬಹುದು, ಎಲ್ಲಾ ಅಧಿಕಾರ ಒಟ್ಟಿಗೇ ಹೋಗ್ತೈತಿ. ಒಬ್ಬ ಅಜ್ಜಾರು ಗ್ರೂಪಿನ ಫೋಟೋ ತಗದು ಮೊಮ್ಮಗನ ಫೋಟೋ ಇಟ್ಟಿದ್ರು, ಎರಡು ದಿನಾ ಹಂಗೇ ಬಿಟ್ವಿ, ಕೂಸು ಚಂದಿತ್ತು.

ಮೆಸೇಜ್ ಹಾಕಾಕ ಬರದಿದ್ರೂ ಎಮೋಜಿ ಒತ್ತಾಕ ಎಲ್ಲಾರಿಗೂ ಬರ್ತೈತಿ. "ನೀರು ಬಂತು 2ನೇ ಕ್ರಾಸ್ 3:10" ಅಂದ್ರ ಬಂದವ್ರು ಹೆಬ್ಬೆಟ್ಟು, ಬರದಿದ್ದವ್ರು ಅಳೂ ಮುಖ. ಅಳೂ ಮುಖಾ ಒತ್ತಿದವ್ರ ಹೆಸರು ನೋಡಿದ್ರ ಯಾವ ಕ್ರಾಸಿಗೆ ಹೋಗಿಲ್ಲ ಅಂತ ನಿಂತಲ್ಲೇ ತಿಳೀತೈತಿ. ಹಾಕಿದವ್ರ ಫೋನ್ ಮಾತ್ರ ಪ್ರತಿ ಹೆಬ್ಬೆಟ್ಟಿಗೂ ಟಿಣ್ ಅಂತೈತಿ, ಅವ್ರು ನೋಟಿಫಿಕೇಶನ್ ಸೆಟ್ಟಿಂಗಿನ್ಯಾಗ ಗ್ರೂಪಿನ ರಿಯಾಕ್ಷನ್ ಬಂದ್ ಮಾಡ್ಕೋಬೇಕು, ಇಲ್ಲಂದ್ರ ಎರಡನೇ ಸಲಾ ಹಾಕೂದೇ ಬಿಡತಾರ.

ಈಗ ಹೆಂಗ ನಡದೈತಿ

ನೀರಿನ ಗ್ರೂಪ್ ಅಡ್ಮಿನ್ ಅಷ್ಟೇ, ಮ್ಯೂಟ್ ಯಾರೂ ಮಾಡಬಾರದು, ಆಂಡ್ರಾಯ್ಡ್ ಇದ್ದವ್ರು ಅದಕ್ಕ ಬ್ಯಾರೆ ರಿಂಗ್‌ಟೋನ್ ಇಟ್ಕೊಂಡಾರ. ಮಾತು, ಕೇಕು, ಕಳದ ಬೆಕ್ಕು, ಬಾಡಿಗಿ ಮನಿ ಎಲ್ಲಾಕ್ಕೂ ಇನ್ನೊಂದು ಗ್ರೂಪ್ ತಗದೇವಿ, ಅದನ್ನ ಬೇಕಾದ್ರ ಜನ್ಮಪೂರ್ತಿ ಮ್ಯೂಟ್ ಮಾಡ್ಕೋರಿ. ಪಿನ್ ಎರಡೇ, ಮೂರನೇ ಜಾಗಾ ಪೈಪ್ ಒಡದ ದಿನಕ್ಕಂತ ಖಾಲಿ ಇಟ್ಟೇವಿ. ಮ್ಯಾಲೆ ಕೆಳಗ ಮಾಡಿ ನಂಬರ್ ಹಚ್ಚು ಅಂದ್ರ, ನೀರಿಗೆ ಅಡ್ಮಿನ್ ಅಷ್ಟೇ ಅನ್ನೂದಕ್ಕ ಮೊದಲನೇ ನಂಬರ್, ಆದ್ರ ಅಡ್ಮಿನ್ ಮೂರೇ ಮಂದಿ ಇದ್ರ ಅದನ್ನೇ ಕಡೀ ನಂಬರಿಗೆ ಇಳಸ್ತೀನಿ. ನಿಮ್ಮ ಗ್ರೂಪಿನ್ಯಾಗ ಸುದ್ದಿ ಒಂದೇ ಕಡೆಯಿಂದ ಬರೂದಿದ್ರ, ಸಾಲಿ ಗ್ರೂಪಿನಂಗ, ಇಬ್ರು ಅಡ್ಮಿನ್ ಸಾಕು. ನಮ್ಮಂಗ ಸುದ್ದಿ ಓಣಿ ಓಣಿಯಿಂದ ಬರೂದಿದ್ರ ಸಾಲೂದಿಲ್ಲ.

9ನೇ ಕ್ರಾಸಿನ ಕಡೀ ಮನಿ ಅಜ್ಜಿ ಹತ್ರ ಬಟನ್ ಫೋನ್ ಐತಿ, ವಾಟ್ಸಾಪ್ ಇಲ್ಲ. 2ನೇ ಕ್ರಾಸಿನ ಮೆಸೇಜ್ ಬಂದ ಕೂಡ್ಲೇ ಅವ್ರಿಗೆ ಈಗಲೂ ನಾನೇ ಒಂದು ಮಿಸ್ಡ್ ಕಾಲ್ ಕೊಡ್ತೀನಿ.