ಮಗಳ ಕಾನ್ವೆಂಟು, ಮಗನ ಸರ್ಕಾರಿ ಶಾಲೆ: ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು?

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ಕಾಲೇಜು ನಡೆಯುವ ತಿಂಗಳುಗಳಿಗಷ್ಟೇ ಗೌರವಧನ. ರಜೆಯಲ್ಲಿ ಮನೆ ನಡೆಯುವುದು ನನ್ನ ಹೆಂಡತಿಯ ಹೊಲಿಗೆಯಿಂದ. ಮಗಳನ್ನು ಎಲ್‌ಕೆಜಿಯಿಂದಲೇ ಊರಿನ ಒಂದು ಕಡಿಮೆ ಫೀಸಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದೆವು. ನಮ್ಮ ಕಡೆ ಅದನ್ನು ಎಲ್ಲರೂ ಕಾನ್ವೆಂಟು ಅಂತಲೇ ಕರೆಯುತ್ತಾರೆ. ಮಗನ ಹೊತ್ತಿಗೆ ಎರಡು ಫೀಸು ಕಟ್ಟುವ ಶಕ್ತಿ ಇರಲಿಲ್ಲ. ಅವನು ಅಂಗನವಾಡಿ ಮುಗಿಸಿ ನಮ್ಮ ಬೀದಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿದ. ಸಾಮಾನ್ಯವಾಗಿ ಇದು ತಿರುಗುಮುರುಗಾಗಿರುತ್ತದೆ. ಒಂದೇ ಫೀಸಿಗೆ ದುಡ್ಡಿದ್ದರೆ ಅದು ಮಗನಿಗೆ ಹೋಗುತ್ತದೆ, ಮಗಳು ಸರ್ಕಾರಿ ಶಾಲೆಗೆ. ನಮ್ಮಲ್ಲಿ ಮಗಳು ಮೊದಲು ಹುಟ್ಟಿದ್ದರಿಂದ ಹೀಗಾಯಿತು.

ಮೊದಲು ಲೆಕ್ಕ. ಮಗಳು ನಾಲ್ಕನೇ ತರಗತಿಯಲ್ಲಿದ್ದ ಕಳೆದ ವರ್ಷ ಶಾಲೆಯ ಫೀಸು 18,000 ರೂಪಾಯಿ. ಬೇರೆ ಊರಿನವರಿಗೆ ಫೀಸು ಎಷ್ಟು ಎಂದರೆ ನಾವು ಹೇಳುವುದು ಇದೊಂದನ್ನೇ. ಆದರೆ ವ್ಯಾನಿಗೆ 7,000, ಶಾಲೆಯ ಕೌಂಟರಿನಲ್ಲೇ ಕೊಳ್ಳಬೇಕಾದ ಪುಸ್ತಕ, ನೋಟ್‌ಬುಕ್ಕಿಗೆ 4,000, ಯೂನಿಫಾರಂ, ಟೈ, ಬೆಲ್ಟು, ಶೂಗೆ 3,000. ಹೋಂವರ್ಕ್ ಇಂಗ್ಲಿಷಿನಲ್ಲಿ ಇರುವುದರಿಂದ ಸಂಜೆ ಟ್ಯೂಷನ್ನಿಗೆ 5,000. ಒಟ್ಟು 37,000, ಅಂದರೆ ಹೇಳುವ ಫೀಸಿನ ಎರಡರಷ್ಟು. ಅದರಲ್ಲೂ ಹೆಚ್ಚಿನ ಪಾಲು ಜೂನ್ ತಿಂಗಳಲ್ಲೇ ಕೊಡಬೇಕು, ನನಗೆ ಗೌರವಧನ ಇಲ್ಲದ ಹೊತ್ತಿನಲ್ಲಿ. ಹಾಗಾಗಿ ಮಹಿಳಾ ಸಂಘದ ಸಾಲ, ಅದರ ಬಡ್ಡಿ. ಮಗನಿಗೆ ಆದದ್ದು ನೋಟ್‌ಬುಕ್ಕು, ಪೆನ್ಸಿಲ್ಲು, ಬ್ಯಾಗು ಸೇರಿ ಸುಮಾರು 1,500. ಪಠ್ಯಪುಸ್ತಕ, ಸಮವಸ್ತ್ರ, ಶೂ ಸಾಕ್ಸು ಸರ್ಕಾರದ್ದು. ಮಧ್ಯಾಹ್ನ ಬಿಸಿಯೂಟ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು. ಮಗಳಿಗೆ ದಿನಾ ಬೆಳಿಗ್ಗೆ ಕಟ್ಟುವ ಡಬ್ಬಿಯ ಖರ್ಚನ್ನು ನಾನು 37,000ದಲ್ಲಿ ಸೇರಿಸಿಲ್ಲ. ಸೇರಿಸಿದರೆ ಅಂತರ ಇನ್ನೂ ದೊಡ್ಡದು.

ಇಷ್ಟು ಕೊಟ್ಟರೂ ಕಾನ್ವೆಂಟು ದುಬಾರಿಯಲ್ಲ. ಸರ್ಕಾರ ಒಂದು ಮಗುವಿಗೆ ಮಾಡುವ ಖರ್ಚಿಗಿಂತ ಇಂಥ ಶಾಲೆಗಳು ಬಹಳ ಅಗ್ಗವಾಗಿ ನಡೆಯುತ್ತವೆ, ಅದಕ್ಕೆ ಮುಖ್ಯ ಕಾರಣ ಟೀಚರ್ ಸಂಬಳ. ಮಗಳ ಕ್ಲಾಸ್ ಟೀಚರಿಗೆ ತಿಂಗಳಿಗೆ ಒಂಬತ್ತು ಸಾವಿರ. ಪದವಿ ಮುಗಿಸಿದ, ಊರು ಬಿಟ್ಟು ದೂರ ಕೆಲಸಕ್ಕೆ ಹೋಗಲಾಗದ ಹೆಣ್ಣುಮಕ್ಕಳು ಊರಿನಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಬೇರೆ ಕೆಲಸ ಇಲ್ಲ. ಈ ಅಗ್ಗದ ಶಾಲೆಗಳು ನಿಂತಿರುವುದು ಅವರ ಮೇಲೆ, ನನಗೆ ಇದು ತೀರಾ ಅನ್ಯಾಯವೆನಿಸುತ್ತದೆ. ಮಕ್ಕಳಿಗೂ ಇದರ ಪೆಟ್ಟು ಬೀಳುತ್ತದೆ. ಮದುವೆಯಾಯಿತು, ಬಿ.ಎಡ್. ಸೀಟು ಸಿಕ್ಕಿತು ಎಂದು ವರ್ಷದ ನಡುವೆ ಟೀಚರ್ ಬಿಟ್ಟುಹೋಗುತ್ತಾರೆ. ಮಗಳಿಗೆ ಮೂರನೇ ತರಗತಿಯಲ್ಲಿ ಗಣಿತಕ್ಕೆ ಒಬ್ಬರಾದ ಮೇಲೊಬ್ಬರು ಬಂದರು, ಪ್ರತಿಯೊಬ್ಬರೂ ಪಾಠ ಎಲ್ಲಿಗೆ ನಿಂತಿತ್ತೋ ತಿಳಿಯದೆ ಮತ್ತೆ ಹಿಂದಿನಿಂದ ಶುರುಮಾಡಿದರು.

ಹಾಗಿದ್ದೂ ಕಾನ್ವೆಂಟಿನ ಪರವಾಗಿ ಹೇಳಬೇಕಾದ್ದು ಇದೆ. ಅಲ್ಲಿ ಟೀಚರ್ ಪ್ರತಿದಿನ ತರಗತಿಯಲ್ಲಿರುತ್ತಾರೆ. ದಿನ ಉದ್ದ, ರಜೆ ಕಡಿಮೆ. ಡೈರಿಯಲ್ಲಿ ಬರೆದು ಕಳಿಸಿದರೆ ಮರುದಿನವೇ ಉತ್ತರ ಬರುತ್ತದೆ, ಏಕೆಂದರೆ ನಾವು ಬಿಟ್ಟರೆ ಒಂದು ಫೀಸು ಹೋಗುತ್ತದೆಂದು ಅವರಿಗೆ ಗೊತ್ತು. ಮಗನ ಶಾಲೆಯಲ್ಲಿ ಮೇಷ್ಟ್ರು ಓದಿದವರು, ತರಬೇತಿ ಪಡೆದವರು, ಕಲಿಸಲು ಬಲ್ಲವರು. ಆದರೆ ಚುನಾವಣೆ ಕೆಲಸ, ಗಣತಿ, ತರಬೇತಿ, ಆನ್‌ಲೈನ್ ಮಾಹಿತಿ ತುಂಬುವುದು ಎಂದು ಅವರನ್ನು ತರಗತಿಯಿಂದ ಎಳೆಯುತ್ತಲೇ ಇರುತ್ತಾರೆ.

ಇನ್ನು ಕಲಿಕೆ. ಮಗಳು ಮೂರನೇ ತರಗತಿಯಲ್ಲಿದ್ದಾಗ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದ್ದೆ, ಈ ವರ್ಷ ಮಗ ಮೂರಕ್ಕೆ ಬಂದಾಗ ಅವನಿಗೂ ಅದನ್ನೇ ಮಾಡಿದೆ. ಅಸರ್ ಸಮೀಕ್ಷೆಯವರು ಹಳ್ಳಿಗಳಲ್ಲಿ ಬಳಸುವ ವಿಧಾನವೇ ಇದು: ಎರಡನೇ ತರಗತಿ ಮಟ್ಟದ, ಮಗು ಹಿಂದೆ ನೋಡಿರದ ಒಂದು ಪುಟ್ಟ ಕಥೆ ಓದಿಸುವುದು, ದಶಕ ತೆಗೆದುಕೊಂಡು ಕಳೆಯುವ ಎರಡಂಕಿಯ ಲೆಕ್ಕ ಮಾಡಿಸುವುದು. ಮಗ ಕನ್ನಡ ಕಥೆಯನ್ನು ಸರಾಗವಾಗಿ ಓದಿ, ಮುಂದೇನಾಗಬಹುದು ಎಂದು ತಾನೇ ಊಹಿಸಿದ. ಮಗಳು ಅದೇ ವಯಸ್ಸಿನಲ್ಲಿ ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿದ್ದಳು. ಇಂಗ್ಲಿಷ್ ಪಾಠವನ್ನು ಅವಳು ನಿಲ್ಲಿಸದೆ ಓದಿದಳು, ನೆರೆಯವರು ಕೇಳಿ ಮೆಚ್ಚಿದರು. ಆದರೆ ಮೂರನೇ ಸಾಲಿನಲ್ಲಿ ಏನಾಯಿತು ಹೇಳು ಎಂದರೆ ಸುಮ್ಮನಾದಳು. ಪುಸ್ತಕದಲ್ಲಿಲ್ಲದ ಇಂಗ್ಲಿಷ್ ಕಥೆ ಕೊಟ್ಟಾಗ ಓದುವ ವೇಗವೂ ಹೋಯಿತು. ಮಗನಿಗೆ ಇಂಗ್ಲಿಷಿನಲ್ಲಿ ಬಿಡಿ ಪದಗಳಷ್ಟೇ ಬರುತ್ತಿದ್ದವು. ಕಳೆಯುವ ಲೆಕ್ಕ ಇಬ್ಬರೂ ಮಾಡಿದರು.

ಮಗನ ಕಲಿಕೆ ನಲಿಕಲಿಯಲ್ಲಿ ಆದದ್ದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ, ತಮ್ಮ ಕಾರ್ಡು ತಾವೇ ತೆಗೆದುಕೊಂಡು ಮುಂದುವರಿಯುವ ಪದ್ಧತಿ. 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಹುಟ್ಟಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಹೋಂವರ್ಕ್ ಕಡಿಮೆ, ತಿಂಗಳ ಟೆಸ್ಟಿಲ್ಲ, ನೋಟ್‌ಬುಕ್ಕಿನಲ್ಲಿ ಕೆಂಪು ಟಿಕ್ಕಿಲ್ಲ. ಓದು ಬಾರದ ತಾಯಿಗೆ ಕಾನ್ವೆಂಟಿನ ತುಂಬಿದ ನೋಟ್‌ಬುಕ್ಕು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. "ಏನ್ ಸಾರ್, ನೀವೇ ಮೇಷ್ಟ್ರಾಗಿ ಮಗನ್ನ ಸರ್ಕಾರಿ ಸ್ಕೂಲಿಗೆ ಹಾಕಿದೀರಾ?" ಎಂದು ಪಕ್ಕದ ಮನೆಯವರು ಕೇಳಿದ್ದು ಇದಕ್ಕೇ.

ಆದರೆ ನನ್ನ ಎರಡು ಮಕ್ಕಳಿಂದ ಶಾಲೆಗಳ ಬಗ್ಗೆ ತೀರ್ಮಾನಕ್ಕೆ ಬರಲಾಗದು. ಊರಿನ ಕಾನ್ವೆಂಟಿನ ಸರಾಸರಿ ಅಂಕವನ್ನು ಸರ್ಕಾರಿ ಶಾಲೆಯ ಸರಾಸರಿಗೆ ಹೋಲಿಸಿದರೂ ತಪ್ಪಾಗುತ್ತದೆ. ಫೀಸು ಕಟ್ಟುವವರು ಸ್ವಲ್ಪ ಹೆಚ್ಚು ಓದಿದವರು, ಸ್ವಲ್ಪ ಹೆಚ್ಚು ಗಳಿಸುವವರು. ಆ ಮಕ್ಕಳು ಎಲ್ಲಿ ಓದಿದರೂ ಒಂದಿಷ್ಟು ಮುಂದೆಯೇ ಇರುತ್ತಾರೆ. ಶಾಲೆಯ ಪಾಲು ಎಷ್ಟು, ಮನೆಯ ಪಾಲು ಎಷ್ಟು ಎಂದು ಬೇರ್ಪಡಿಸಲು ಒಂದೇ ಬಗೆಯ ಕುಟುಂಬಗಳ ಮಕ್ಕಳನ್ನು ಚೀಟಿ ಎತ್ತಿ ಎರಡು ಕಡೆ ಕಳಿಸಬೇಕು. ಪಕ್ಕದ ಆಂಧ್ರದಲ್ಲಿ ಇದನ್ನೇ ಮಾಡಿದ್ದಾರೆ. 2008ರಲ್ಲಿ 180 ಹಳ್ಳಿಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳ ಪೋಷಕರಿಂದ ಅರ್ಜಿ ಕರೆದು, ಲಾಟರಿಯಲ್ಲಿ ಆಯ್ದ ಹಳ್ಳಿಗಳಲ್ಲಿ ಲಾಟರಿಯಲ್ಲೇ ಗೆದ್ದ ಮಕ್ಕಳಿಗೆ ಖಾಸಗಿ ಶಾಲೆಯ ಖರ್ಚು ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಇದರ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ನಾಲ್ಕು ವರ್ಷಗಳ ನಂತರ ಗೆದ್ದವರಿಗೂ ಸೋತವರಿಗೂ ತೆಲುಗು, ಗಣಿತದಲ್ಲಿ ವ್ಯತ್ಯಾಸವೇ ಇರಲಿಲ್ಲ. ಇಂಗ್ಲಿಷ್, ವಿಜ್ಞಾನ, ಸಮಾಜದಲ್ಲೂ ಖಚಿತವಾಗಿ ಹೇಳುವಂಥ ಅಂತರ ಸಿಗಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಮಕ್ಕಳು ಬಹಳ ಮುಂದಿದ್ದರು. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹಿಂದಿ ಇರಲೇ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಅವರು ವೇಳಾಪಟ್ಟಿಯಲ್ಲಿ ಕಂಡದ್ದು. ಖಾಸಗಿ ಶಾಲೆಗಳು ತೆಲುಗಿಗೆ, ಗಣಿತಕ್ಕೆ ಸರ್ಕಾರಿ ಶಾಲೆಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಸಮಯ ಕೊಡುತ್ತಿದ್ದವು, ಉಳಿದದ್ದನ್ನು ಬೇರೆ ವಿಷಯಗಳಿಗೆ ಹಂಚುತ್ತಿದ್ದವು. ಕಡಿಮೆ ಸಮಯದಲ್ಲಿ, ಮೂರನೇ ಒಂದಕ್ಕಿಂತ ಕಡಿಮೆ ಖರ್ಚಿನಲ್ಲಿ ಅಷ್ಟೇ ಕಲಿಸಿದವು ಎಂದರೆ ಅವು ದಕ್ಷವೇ. ಆದರೆ ಸಾಲ ಮಾಡಿ ಫೀಸು ಕಟ್ಟುವ ಅಪ್ಪನಿಗೆ ಸರ್ಕಾರದ ಖರ್ಚು ಉಳಿದು ಏನಾಗಬೇಕು? ಅವನ ಜೇಬಿನ ಲೆಕ್ಕದಲ್ಲಿ ಒಂದು ಕಡೆ 37,000, ಇನ್ನೊಂದು ಕಡೆ 1,500, ಓದು ಲೆಕ್ಕ ಸಮಸಮ. ಮಗಳ ವೇಳಾಪಟ್ಟಿಯಲ್ಲೂ ಕನ್ನಡಕ್ಕೆ ದಿನಕ್ಕೆ ಒಂದೇ ಪೀರಿಯಡ್, ಪಕ್ಕದಲ್ಲಿ ಹಿಂದಿ, ಕಂಪ್ಯೂಟರ್, ಜಿ.ಕೆ. ಕನ್ನಡದಲ್ಲಿ ಅವಳು ತಡವರಿಸಿದ್ದರ ಕಾರಣ ಅಲ್ಲೇ ಗೋಡೆಗೆ ಅಂಟಿಸಿತ್ತು.

ಹಾಗೆಂದು ಎಲ್ಲ ಸರ್ಕಾರಿ ಶಾಲೆಯೂ ಮಗನ ಶಾಲೆಯಂತಲ್ಲ. ನನ್ನ ಹೆಂಡತಿಯ ತವರಿನಲ್ಲಿ ಐದು ತರಗತಿಗೆ ಇಬ್ಬರು ಮೇಷ್ಟ್ರು. ಮಕ್ಕಳು ಅರವತ್ತಕ್ಕಿಂತ ಕಡಿಮೆ ಇದ್ದರೆ ಕಾನೂನಿನ ಪ್ರಕಾರ ಇಬ್ಬರೇ ಸಾಕು. ಒಬ್ಬರು ಮೀಟಿಂಗಿಗೆ ಹೋದ ದಿನ ಇನ್ನೊಬ್ಬರು ಐದೂ ತರಗತಿ ಕಾಯುತ್ತಾರೆ, ಪಾಠ ನಡೆಯುವುದಿಲ್ಲ. ಅನುಕೂಲವಿದ್ದವರು ವ್ಯಾನು ಹತ್ತಿಸುತ್ತಾರೆ, ಮಕ್ಕಳ ಸಂಖ್ಯೆ ಇನ್ನೂ ಇಳಿಯುತ್ತದೆ, ಮೇಷ್ಟ್ರ ಹುದ್ದೆಯೂ ಹೋಗುತ್ತದೆ. ಆ ಹಳ್ಳಿಯಲ್ಲಿದ್ದಿದ್ದರೆ ನಾನೂ ವ್ಯಾನನ್ನೇ ಆರಿಸುತ್ತಿದ್ದೆ. ಶಾಲೆ ನೋಡಲು ಹೋಗುವವರು ಕಟ್ಟಡಕ್ಕಿಂತ ಮೊದಲು ಕೇಳಬೇಕಾದ್ದು ಮೇಷ್ಟ್ರು ಎಷ್ಟು ಜನ, ಅದರಲ್ಲಿ ಅತಿಥಿ ಶಿಕ್ಷಕರು ಎಷ್ಟು ಎಂಬುದನ್ನು. ಕಾನ್ವೆಂಟಿನಲ್ಲಿ ಕೇಳಬೇಕಾದ್ದು, ಕಳೆದ ವರ್ಷದ ಟೀಚರ್ ಇನ್ನೂ ಇದ್ದಾರಾ ಎಂದು.

ಮೂರನೇ ದಾರಿಯೊಂದಿತ್ತು. ನನ್ನ ಅಕ್ಕನ ಮಗನಿಗೆ ಆರ್‌ಟಿಇ ಅಡಿಯಲ್ಲಿ ಖಾಸಗಿ ಶಾಲೆಯ ಶೇ 25ರ ಸೀಟು ಸಿಕ್ಕಿತು, ಫೀಸನ್ನು ಸರ್ಕಾರವೇ ಕೊಟ್ಟಿತು. 2019ರಲ್ಲಿ ರಾಜ್ಯ ನಿಯಮ ಬದಲಾಯಿಸಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂದಮೇಲೆ ನಮ್ಮಂಥವರಿಗೆ ಅದು ಮುಚ್ಚಿತು. ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ಶುರುಮಾಡಿದರು. ಆದರೆ ಪೋಷಕರ ನಿರ್ಧಾರ ಒಂದನೇ ತರಗತಿಗಿಂತ ಮೊದಲೇ ಆಗಿಬಿಟ್ಟಿರುತ್ತದೆ. ಕಾನ್ವೆಂಟು ಮೂರೂವರೆ ನಾಲ್ಕು ವರ್ಷಕ್ಕೇ ಎಲ್‌ಕೆಜಿಗೆ ಕರೆದುಕೊಳ್ಳುತ್ತದೆ, ಸರ್ಕಾರಿ ಶಾಲೆ ಆರಕ್ಕೆ. ಎರಡು ವರ್ಷ ಒಂದು ಕಡೆ ಓದಿದ ಮಗುವನ್ನು ಸ್ನೇಹಿತರಿಂದ ಬಿಡಿಸಿ ಕರೆತರುವವರು ಕಡಿಮೆ. ಸರ್ಕಾರಿ ಶಾಲೆಯಲ್ಲೇ ಎಲ್‌ಕೆಜಿ ಇರುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಸೀಟಿಗೆ ಪೈಪೋಟಿ ಇರುವುದು ಇದರಿಂದ.

ನಡುವೆ ಬಿಡಿಸಬೇಕಾಗಿ ಬಂದವರಿಗೆ ಒಂದು ಮಾತು. ಫೀಸು ಬಾಕಿ ಇದೆ ಎಂದು ಟಿ.ಸಿ. ಹಿಡಿದಿಟ್ಟುಕೊಳ್ಳುವುದು ಸಾಮಾನ್ಯ. ಎಂಟನೇ ತರಗತಿವರೆಗೆ ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಶಾಲೆ ಮಗುವನ್ನು ವಾಪಸು ಕಳಿಸುವಂತಿಲ್ಲ. ಆರ್‌ಟಿಇ ಕಾಯ್ದೆಯ 5ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮುಖ್ಯೋಪಾಧ್ಯಾಯರು ಹಿಂಜರಿದರೆ ಬಿಇಒ ಕಚೇರಿಗೆ ಲಿಖಿತ ಅರ್ಜಿ ಕೊಡಿ.

ಮಗಳು ಈಗ ಐದನೇ ತರಗತಿ. ಆರನೆಯದಕ್ಕೆ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ ಎರಡಕ್ಕೂ ಪ್ರವೇಶ ಪರೀಕ್ಷೆ ಇದೆ. ಎರಡೂ ಸರ್ಕಾರದ್ದು, ಎರಡೂ ಇಂಗ್ಲಿಷ್ ಮಾಧ್ಯಮ. ಬಡವರ ಮಕ್ಕಳಿಗೆ ಇಂಗ್ಲಿಷೂ ಒಳ್ಳೆಯ ಮೇಷ್ಟ್ರೂ ಫೀಸಿಲ್ಲದೆ ಒಟ್ಟಿಗೆ ಸಿಗುವ ಜಾಗ ಇವು, ಸೀಟು ಮಾತ್ರ ಕಡಿಮೆ. ಟ್ಯೂಷನ್ ನಿಲ್ಲಿಸಿ, ಸಂಜೆ ನಾನೇ ಅವಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ, ಅವಳಮ್ಮ ದಿನಕ್ಕೊಂದು ಕನ್ನಡ ಕಥೆ ಓದಿಸುತ್ತಾಳೆ. ಸೀಟು ಸಿಗದಿದ್ದರೆ ಅವಳೂ ತಮ್ಮನ ಶಾಲೆಗೇ ಆರನೇ ತರಗತಿಗೆ ಸೇರುತ್ತಾಳೆ, ಅಲ್ಲಿ ಗಣಿತಕ್ಕೆ, ವಿಜ್ಞಾನಕ್ಕೆ ಕಾಯಂ ಮೇಷ್ಟ್ರಿದ್ದಾರೆ.