ಕನ್ನಡಕ, ಪಕ್ಕಕ್ಕೆ ತಿರುಗಿದ ಮುಖ: ಹಳೆಯ ಬಾಡಿಯೋ, ಹೊಸದೋ?

ಮೊದಲೇ ಹೇಳಿಬಿಡುತ್ತೇನೆ: ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ನನ್ನ ಹಳೆಯ ಮಿರರ್‌ಲೆಸ್ ಕ್ಯಾಮೆರಾ ಬಾಡಿಯನ್ನು ನಾನು ಮಾರುವುದಿಲ್ಲ. ಹೊಸದರ ಬೆಲೆಯ ಮೂರನೇ ಒಂದು ಪಾಲಿಗೆ ಸಿಕ್ಕಿದ್ದು. ಕಣ್ಣು ಹಿಡಿಯುವ ಆಟೋಫೋಕಸ್ ಅದರಲ್ಲಿ ಆಗಾಗ ಕೈಕೊಡುತ್ತದೆ ಎಂದು ಗೊತ್ತಿದ್ದೇ ಕೊಂಡೆ. ಹೊಸ ತಲೆಮಾರಿನ ಬಾಡಿಯನ್ನು ಗೆಳೆಯನಿಂದ ಎರವಲು ತಂದು, ಒಂದೇ 85 ಎಂಎಂ ಎಫ್/1.8 ಲೆನ್ಸನ್ನು ಎರಡಕ್ಕೂ ಹಾಕಿ ನೋಡಿದ ಮೇಲೂ ಅಭಿಪ್ರಾಯ ಬದಲಾಗಲಿಲ್ಲ. ಮೆಗಾಪಿಕ್ಸೆಲ್, ಫ್ರೇಮ್ ವೇಗಗಳ ಲೆಕ್ಕವನ್ನು ಬಿಡುತ್ತೇನೆ, ಅವು ಡಬ್ಬಿಯ ಮೇಲೇ ಇರುತ್ತವೆ.

ಪರೀಕ್ಷೆಗೆ ಆರಿಸಿಕೊಂಡದ್ದು ಗುಳೇದಗುಡ್ಡದ ಖಣದ ಮಗ್ಗದ ಮನೆ. ಬಾಗಲಕೋಟೆಯಿಂದ ಹೋಗಿಬರಲು ಸಲೀಸು. ಅದಕ್ಕಿಂತ ಮುಖ್ಯವಾಗಿ, ಫೋಕಸ್‌ಗೆ ಬೇಕಾದ ತೊಂದರೆಗಳೆಲ್ಲ ಅಲ್ಲಿ ಒಟ್ಟಿಗೇ ಸಿಗುತ್ತವೆ. ನೇಕಾರ ಕಾಕಾ ಮಗ್ಗದ ಕಡೆಗೆ ಮುಖಮಾಡಿ ಕೂತಿರುತ್ತಾರೆ, ಅಂದರೆ ನಮಗೆ ಕಾಣುವುದು ಪಕ್ಕದ ಮುಖ. ದಪ್ಪ ಫ್ರೇಮಿನ ಕನ್ನಡಕ, ಮಗ್ಗದ ಮೇಲೆ ಟ್ಯೂಬ್‌ಲೈಟ್, ಕ್ಯಾಮೆರಾಕ್ಕೂ ಮುಖಕ್ಕೂ ನಡುವೆ ಒಂದು ಮೂಲೆಯಲ್ಲಿ ಹಾಸಿನ ನೂಲುಗಳು.

ಪಕ್ಕದ ಮುಖದ ವಿಷಯದಲ್ಲಿ ಹೊಸದು ನಿಸ್ಸಂಶಯವಾಗಿ ಗೆದ್ದಿತು. ಹಳೆಯದು ಎರಡು ಕಣ್ಣು, ಮೂಗು, ಬಾಯಿ ಇರುವ ಎದುರುಮುಖವನ್ನು ಚೆನ್ನಾಗಿ ಹಿಡಿಯುತ್ತದೆ. ಕಾಕಾ ಲಾಳಿಯ ಕಡೆ ತಿರುಗಿದಂತೆ ಕಣ್ಣಿನ ಮೇಲಿದ್ದ ಚೌಕ ಮೊದಲು ಕೆನ್ನೆಯಷ್ಟು ದೊಡ್ಡದಾಯಿತು, ಆಮೇಲೆ ಕಿವಿಯ ಹತ್ತಿರ ಸರಿಯಿತು, ಕೊನೆಗೆ ಮಾಯವಾಯಿತು. ಫೋಕಸ್ ಪ್ರದೇಶ ಪೂರ್ತಿ ಚೌಕಟ್ಟಿಗೆ ಹರಡಿದ್ದರಿಂದ, ಮುಖ ಕಳೆದ ಮರುಕ್ಷಣವೇ ಅದು ಹತ್ತಿರದ ನೂಲುಗಳಿಗೆ ಹಾರಿತು. ಕಿವಿಗೆ ಫೋಕಸ್ ಆದರೂ ನಷ್ಟವೇ. ಪೂರ್ತಿ ಪಕ್ಕದಿಂದ ನೋಡಿದಾಗ ಕಿವಿ ಕಣ್ಣಿಗಿಂತ ನಾಲ್ಕು ಸೆಂಟಿಮೀಟರಿನಷ್ಟು ನಮ್ಮ ಕಡೆಗಿರುತ್ತದೆ. ಹೊಸ ಬಾಡಿ ಮಾತ್ರ ತಲೆಯ ಆಕಾರವನ್ನೇ ಹಿಡಿದುಕೊಂಡು, ಕಣ್ಣು ಮತ್ತೆ ಕಂಡೊಡನೆ ಅಲ್ಲಿಗೆ ಮರಳಿತು. 2020ರಲ್ಲಿ ಬಂದ ಕ್ಯಾನನ್ ಆರ್5 ಮತ್ತು ಆರ್6 ತಲೆಯನ್ನು ಗುರುತಿಸುತ್ತಿದ್ದವು, 2022ರ ಸೋನಿ ಎ7ಆರ್ 5 ಮೈಯ ಭಂಗಿಯನ್ನು ಓದುವುದಕ್ಕೆ ಪ್ರತ್ಯೇಕ ಚಿಪ್ಪನ್ನೇ ತಂದಿತು. ಆ ದಾರಿಯಲ್ಲಿ ಆದ ಪ್ರಗತಿ ಕಣ್ಣಿಗೆ ಕಾಣುವಂಥದ್ದು.

ಕನ್ನಡಕದ ಕತೆ ಬೇರೆ. ಹಣ ಸುರಿಯುವ ಮೊದಲು ತಿಳಿದಿರಬೇಕಾದದ್ದು ಇದೇ.

ಕಾಕಾರನ್ನು ಸ್ವಲ್ಪ ನನ್ನ ಕಡೆ ತಿರುಗಿಸಿ ಕೂರಿಸಿ, ಒಂದೂವರೆ ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದೆ. ಎರಡೂ ಬಾಡಿಗಳಲ್ಲಿ ಹಸಿರು ಚೌಕ ಸರಿಯಾಗಿ ಕಣ್ಣಿನ ಮೇಲೆಯೇ ಕೂತಿತ್ತು. ಚಿತ್ರವನ್ನು ಹಿಗ್ಗಿಸಿದಾಗ ರೆಪ್ಪೆಗೂದಲು ಮಸುಕು. ಗಾಜಿನ ಮೇಲಿನ ಟ್ಯೂಬ್‌ಲೈಟಿನ ಬಿಳಿ ಗೆರೆ ಮಾತ್ರ ಬ್ಲೇಡಿನಷ್ಟು ಚೂಪು! ಹೊಸದರಲ್ಲೂ ಹೀಗೆಯೇ.

ಕಾರಣ ಸರಳ. ಕಣ್ಣು ಎಲ್ಲಿದೆ ಎಂದು ಗುರುತಿಸುವುದು ಒಂದು ಕೆಲಸ, ಅಲ್ಲಿಯ ದೂರ ಅಳೆಯುವುದು ಇನ್ನೊಂದು. ದೂರ ಅಳೆಯುವಾಗ ಕ್ಯಾಮೆರಾ ಆ ಚೌಕದೊಳಗೆ ಬೆಳಕು ಕತ್ತಲೆಯ ವ್ಯತ್ಯಾಸ ಜೋರಾಗಿರುವ ಗೆರೆಯನ್ನು ನೆಚ್ಚುತ್ತದೆ. ಟ್ಯೂಬ್‌ಲೈಟಿನ ಪ್ರತಿಬಿಂಬಕ್ಕಿಂತ ಜೋರಾದ ಗೆರೆ ಅಲ್ಲಿ ಇನ್ನೊಂದಿಲ್ಲ. ಆದರೆ ಪ್ರತಿಬಿಂಬ ಇರುವುದು ಗಾಜಿನ ಮೇಲಲ್ಲ. ಕನ್ನಡಕದ ಮುಂಭಾಗ ಉಬ್ಬುಗನ್ನಡಿಯಂತೆ ಕೆಲಸ ಮಾಡುತ್ತದೆ. ಆ ಬಾಗಿನ ತ್ರಿಜ್ಯ ಹತ್ತು ಸೆಂಟಿಮೀಟರ್ ಇದ್ದರೆ, ದೂರದ ದೀಪದ ಬಿಂಬ ಗಾಜಿನ ಹಿಂದೆ ಸುಮಾರು ಐದು ಸೆಂಟಿಮೀಟರಿನಲ್ಲಿ ಬೀಳುತ್ತದೆ. ಕಣ್ಣು ಗಾಜಿನ ಹಿಂದೆ ಇರುವುದು ಒಂದೂಕಾಲು ಸೆಂಟಿಮೀಟರಿನ ಆಸುಪಾಸು. ಅಂದರೆ ಫೋಕಸ್ ಕಣ್ಣನ್ನು ದಾಟಿ ಮೂರೂವರೆ ಸೆಂಟಿಮೀಟರಿಗೂ ಹೆಚ್ಚು ಹಿಂದೆ ಹೋಗಿರುತ್ತದೆ. ಹೆಚ್ಚು ಮೈನಸ್ ಪವರ್ ಇರುವ ಕನ್ನಡಕಗಳ ಮುಂಭಾಗ ಚಪ್ಪಟೆ, ಅಲ್ಲಿ ಬಿಂಬ ಇನ್ನೂ ಹಿಂದೆ. ನಾನು ನಿಂತಿದ್ದ ದೂರಕ್ಕೆ ಎಫ್/1.8ರಲ್ಲಿ ಸ್ಪಷ್ಟವಾಗಿ ಬರುವ ಆಳ ಒಟ್ಟು ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅದರಲ್ಲಿ ಮುಂದಕ್ಕೆ, ಅಂದರೆ ಕಣ್ಣಿನ ಕಡೆಗೆ, ಸಿಗುವುದು ಅರ್ಧ. ಉಳಿಯುವ ಮಾತೇ ಇಲ್ಲ.

ತಪ್ಪು ಯಾವ ಕಡೆಗೆ ಆಗಿದೆ ಎಂದು ಹಿಗ್ಗಿಸಿ ನೋಡಿದರೆ ತಿಳಿಯುತ್ತದೆ. ಫ್ರೇಮಿನ ಸ್ಕ್ರೂ ಚೂಪಾಗಿ ರೆಪ್ಪೆ ಮಸುಕಾಗಿದ್ದರೆ ಕ್ಯಾಮೆರಾ ಫ್ರೇಮನ್ನು ಹಿಡಿದಿದೆ. ದೀಪದ ಗೆರೆ ಚೂಪಾಗಿದ್ದರೆ ಪ್ರತಿಬಿಂಬವನ್ನು. ಪರದೆಯ ಮೇಲಿನ ಹಸಿರು ಚೌಕವನ್ನು ಸಾಕ್ಷಿ ಎಂದು ನಂಬಬೇಡಿ.

ಹಾಗಾಗಿ ಪರಿಹಾರ ಮೆನುವಿನಲ್ಲಿ ಇರಲಿಲ್ಲ. “ಕಾಕಾ, ಗದ್ದ ಸ್ವಲ್ಪ ಇಳಿಸುತ್ತೀರಾ?” ಎಂದೆ. “ಗದ್ದ ಇಳಿಸದೆ ನೂಲು ನೋಡುವುದು ಹೇಗೆ ತಮ್ಮಾ, ನೀನೇ ಮೇಲೆತ್ತಿಸಿ ಕೂರಿಸಿದ್ದು” ಎಂದು ನಕ್ಕರು. ಅವರು ಕೆಲಸಕ್ಕೆ ಬಾಗಿದೊಡನೆ ಗೆರೆ ಗಾಜಿನಿಂದ ಜಾರಿಹೋಯಿತು. ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿದರೂ ಗಾಜು ಕೆಳಕ್ಕೆ ವಾಲಿ ಇದೇ ಫಲ ಸಿಗುತ್ತದೆ. ಎರಡೂ ಆಗದಿದ್ದರೆ ಎಫ್/4ಕ್ಕೆ ಹೋಗಬೇಕು. ಆಗ ಆಳ ಏಳು ಸೆಂಟಿಮೀಟರಿನಷ್ಟಾಗಿ ತಪ್ಪಿನ ಬಹುಪಾಲು ಮುಚ್ಚಿಹೋಗುತ್ತದೆ, ಆದರೆ ಐಎಸ್‌ಒ 400 ಇದ್ದದ್ದು 2000ಕ್ಕೆ ಏರುತ್ತದೆ.

ಸೆಟ್ಟಿಂಗಿನಲ್ಲಿ ನಿಜಕ್ಕೂ ಬದಲಾಯಿಸಬೇಕಾದದ್ದು ಎರಡು. ಮೊದಲನೆಯದು ಎಡಗಣ್ಣು, ಬಲಗಣ್ಣಿನ ಆಯ್ಕೆ. ಮುಖ ಮುಕ್ಕಾಲು ಭಾಗ ತಿರುಗಿದಾಗ ದಪ್ಪ ಕಡ್ಡಿ ಹತ್ತಿರದ ಕಣ್ಣನ್ನು ಅರ್ಧ ಮುಚ್ಚುತ್ತದೆ, `Auto` ಇದ್ದರೆ ಕ್ಯಾಮೆರಾ ಆಚೆಯ ಕಣ್ಣಿಗೆ ನೆಗೆಯುತ್ತದೆ. ಹತ್ತಿರದ ಕಣ್ಣನ್ನೇ ನಿಗದಿಪಡಿಸಿದರೆ ಈ ಜಿಗಿತ ನಿಲ್ಲುತ್ತದೆ. ಸೋನಿಯಲ್ಲಿ ಇದು `Right/Left Eye Select`. ಅಲ್ಲಿ ಬಲಗಣ್ಣು ಎಂದರೆ ಎದುರಿಗಿರುವವರ ಬಲಗಣ್ಣು, ನಮ್ಮ ಎಡಕ್ಕೆ ಕಾಣುವುದು. ಬಲ ಎಂದು ಇಟ್ಟ ಮೇಲೆ ಎಡಗಣ್ಣನ್ನು ಅದು ಹುಡುಕುವುದೇ ಇಲ್ಲ. ಆದ್ದರಿಂದ ಕೆಲಸ ಮುಗಿದ ಮೇಲೆ `Auto`ಗೆ ಮರಳಿಸಬೇಕು, ಇಲ್ಲವೇ ಕಣ್ಣು ಬದಲಿಸುವುದನ್ನು ಒಂದು ಗುಂಡಿಗೆ ಹಾಕಿಕೊಳ್ಳಬೇಕು.

ಎರಡನೆಯದು ಗುಂಡಿಗಳ ಹಂಚಿಕೆ. ಹಳೆಯ ಬಾಡಿ ನನ್ನ ಬಳಿ ಉಳಿದದ್ದೇ ಇದರಿಂದ. ಹಿಂದಿನ ಗುಂಡಿ ಒತ್ತಿದರೆ ಕಣ್ಣು ಗುರುತಿಸುವ ಫೋಕಸ್. ಶಟರ್ ಗುಂಡಿಯನ್ನು ಅರ್ಧ ಒತ್ತಿದರೆ ಯಾವ ಗುರುತಿಸುವಿಕೆಯೂ ಇಲ್ಲದ ಒಂದು ಸಣ್ಣ ಬಿಂದು. ಚೌಕ ಅಲೆದಾಡತೊಡಗಿತೋ, ಹಿಂದಿನ ಗುಂಡಿ ಬಿಟ್ಟು ಬಿಂದುವನ್ನು ಹುಬ್ಬಿನ ಕೂದಲಿಗೋ ಕಣ್ಣಿನ ಹೊರತುದಿಗೋ ಇಡುತ್ತೇನೆ. ಪಕ್ಕದ ಮುಖದಲ್ಲಿ ಹುಬ್ಬು ಹೆಚ್ಚುಕಡಿಮೆ ಕಣ್ಣಿನಷ್ಟೇ ದೂರದಲ್ಲಿರುತ್ತದೆ, ಅದರ ಮುಂದೆ ಗಾಜೂ ಇರುವುದಿಲ್ಲ. ಮೆನುವಿಗೆ ಹೋಗಿ ಗುರುತಿಸುವಿಕೆಯನ್ನು ನಿಲ್ಲಿಸಿ ಬರುವಷ್ಟರಲ್ಲಿ ಲಾಳಿ ಎಷ್ಟೋ ಸಲ ಓಡಿಯಾಗಿರುತ್ತದೆ.

ಹೊಸದರ ಬ್ಯಾಟರಿ ಚೆನ್ನಾಗಿದೆ. ಹಿಡಿತವೂ ಚೆನ್ನಾಗಿದೆ.

ನಾನು ತೆಗೆಯುವುದು ಕೂತವರ, ಕೆಲಸದಲ್ಲಿ ತೊಡಗಿದವರ ಚಿತ್ರ. ಹೆಬ್ಬೆರಳು ಸರಿಸಲು ನನಗೆ ಸಮಯವಿರುತ್ತದೆ, ಉಳಿದ ಹಣ ಒಂದು ಒಳ್ಳೆಯ ದೀಪಕ್ಕೆ ಹೋಗುತ್ತದೆ. ಮದುವೆಯ ಅಕ್ಕಿಕಾಳು, ವೇದಿಕೆಯ ನೃತ್ಯ ಎಂದು ಓಡಾಡುವವರು, ಯಾರ ಮುಖ ಯಾವಾಗ ಎತ್ತ ತಿರುಗುತ್ತದೋ ತಿಳಿಯದವರು ಹೊಸದನ್ನೇ ಕೊಳ್ಳಲಿ. ನಿಮ್ಮ ಹಾಳಾದ ಚಿತ್ರಗಳನ್ನೊಮ್ಮೆ ಹಿಗ್ಗಿಸಿ ನೋಡಿ: ಹೆಚ್ಚಿನವು ಕಿವಿಗೋ ಹಿನ್ನೆಲೆಗೋ ಫೋಕಸ್ ಆಗಿದ್ದರೆ ಹೊಸ ಬಾಡಿ ನೆರವಾಗುತ್ತದೆ. ದೀಪದ ಗೆರೆಗೆ ಆಗಿದ್ದರೆ ಟ್ಯೂಬ್‌ಲೈಟಿನ ಸ್ವಿಚ್ ಎಲ್ಲಿದೆ ಎಂದು ಮನೆಯವರನ್ನು ಕೇಳಿ.