ಆರೋಗ್ಯ ಶಿಬಿರದ ರೋಲ್-ಅಪ್ ಸ್ಟ್ಯಾಂಡಿ: ಎರಡು ಮಳೆಗಾಲ ಬಳಸಿದ ಮೇಲೆ

ನಮ್ಮ ಯುವಕ ಮಂಡಲ ಉಡುಪಿ ಸುತ್ತಮುತ್ತ ಉಚಿತ ಆರೋಗ್ಯ ಶಿಬಿರ ನಡೆಸುತ್ತದೆ. ಬಿಪಿ, ಶುಗರ್, ಕಣ್ಣು, ಇಷ್ಟೇ. ಅದಕ್ಕಾಗಿ ಮೂರಡಿ ಅಗಲ, ಆರಡಿ ಎತ್ತರದ ರೋಲ್-ಅಪ್ ಸ್ಟ್ಯಾಂಡಿ, ಅಂದರೆ ಕೆಳಗಿನ ಬೇಸ್ ಒಳಗಿಂದ ಮೇಲಕ್ಕೆ ಎಳೆದು ಕಂಬಕ್ಕೆ ಸಿಕ್ಕಿಸಿ ನಿಲ್ಲಿಸುವ ಬ್ಯಾನರ್, ಮಾಡಿಸಿದ್ದೆವು. ಎರಡು ಮಳೆಗಾಲ ಕಂಡಿದೆ, ಈಗಲೂ ಅದನ್ನೇ ನಿಲ್ಲಿಸುತ್ತೇವೆ. ನನ್ನ ಪ್ರಕಾರ ಇದು ಇಷ್ಟು ಉಪಯೋಗಕ್ಕೆ ಬಂದದ್ದು ಸ್ಟ್ಯಾಂಡಿನ ಗಟ್ಟಿತನಕ್ಕಿಂತ ಜಾಸ್ತಿ ಅದರ ಮೇಲಿನ ಬರಹದಿಂದ.

ಡಿಸೈನ್‌ನ ಮೊದಲ ಕರಡಿನಲ್ಲಿ ಅತಿಥಿಗಳ ಹೆಸರು, ಪ್ರಾಯೋಜಕರ ಲೋಗೋ, ಮೂರು ಫೋನ್ ನಂಬರ್ ಎಲ್ಲ ಇತ್ತು. ಅದನ್ನು ಪ್ರಿಂಟ್ ತೆಗೆದು ಹಾಲಿನ ಡೈರಿ ಹತ್ತಿರ ಒಬ್ಬರು ಹಿರಿಯರಿಗೆ ತೋರಿಸಿದೆವು. ಅವರು ಸ್ವಲ್ಪ ಹೊತ್ತು ನೋಡಿ, "ಇದು ಎಂತ ಮಾರಾಯ್ರೆ, ಸನ್ಮಾನವಾ?" ಎಂದು ಕೇಳಿದರು. ಮಂಡಲದ ಮೀಟಿಂಗಿನಲ್ಲಿ ವಾದ ಅಲ್ಲಿಗೇ ಮುಗಿಯಿತು. ಹೆಸರುಗಳು ಆಮಂತ್ರಣ ಪತ್ರಿಕೆಗೆ ಹೋದವು. ಸ್ಟ್ಯಾಂಡಿಯಲ್ಲಿ ಉಳಿದದ್ದು ಇಷ್ಟು: "ಉಚಿತ ಆರೋಗ್ಯ ಶಿಬಿರ", ಅದರ ಕೆಳಗೆ "ಬಿಪಿ, ಶುಗರ್, ಕಣ್ಣಿನ ತಪಾಸಣೆ", ಮತ್ತೆ "ಸಂಪರ್ಕ" ಎಂದು ಒಂದೇ ಒಂದು ನಂಬರ್.

ನಂಬರ್ ಎಲ್ಲಿ ಇಡಬೇಕು ಅನ್ನುವುದು ಮುಖ್ಯ. ಸಾಮಾನ್ಯವಾಗಿ ಎಲ್ಲರೂ ತೀರಾ ಕೆಳಗೆ ಹಾಕುತ್ತಾರೆ. ಆದರೆ ಶಿಬಿರದಲ್ಲಿ ಸ್ಟ್ಯಾಂಡಿಯ ಮುಂದೆ ಮೇಜು, ಕುರ್ಚಿ, ಸಾಲು ನಿಂತ ಜನ ಇರುತ್ತಾರೆ. ಕೆಳಗಿನ ಎರಡೂವರೆ ಅಡಿ ಯಾರಿಗೂ ಕಾಣುವುದಿಲ್ಲ. ಕೊನೆಯ ಅರ್ಧ ಅಡಿಯಷ್ಟು ಬೇಸ್ ಒಳಗೇ ಸುತ್ತಿಕೊಂಡಿರುತ್ತದೆ. ನಮ್ಮ ನಂಬರ್ ನೆಲದಿಂದ ನಾಲ್ಕೂವರೆ ಅಡಿ ಮೇಲಿದೆ, ನಿಂತವರ ಕಣ್ಣಿನ ನೇರಕ್ಕೆ. ಐದೈದು ಅಂಕಿಗಳ ಎರಡು ಗುಂಪು ಮಾಡಿ ಪೂರ್ತಿ ಅಗಲಕ್ಕೆ ಹರಡಿದಾಗ ಒಂದೊಂದು ಅಂಕಿ ನಾಲ್ಕು ಇಂಚು ಎತ್ತರ ಬಂತು. ಒಂದು ಇಂಚಿನ ಅಕ್ಷರ ಹತ್ತಡಿ ದೂರಕ್ಕೆ ಆರಾಮಾಗಿ ಓದಲು ಬರುತ್ತದೆ ಎನ್ನುವುದು ಬೋರ್ಡ್ ಬರೆಯುವವರ ಲೆಕ್ಕ. ಅಂದರೆ ಇದು ನಲವತ್ತು ಅಡಿಯಿಂದ, ರಸ್ತೆಯ ಆಚೆ ಬದಿಯಿಂದಲೂ ಕಾಣುತ್ತದೆ.

ಆ ನಂಬರ್ ಯಾರ ಸ್ವಂತದ್ದೂ ಅಲ್ಲ. ಮಂಡಲದ್ದೇ ಒಂದು ಸಿಮ್, ಒಂದು ಕೀಪ್ಯಾಡ್ ಫೋನ್. ಶಿಬಿರದ ವಾರ ಯಾರಿಗೆ ಬಿಡುವಿದೆಯೋ ಅವರ ಕೈಯಲ್ಲಿರುತ್ತದೆ. ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ: "ಅಣ್ಣ, ತಿಂಡಿ ತಿಂದು ಬರಬಹುದಾ?" ಖಾಲಿ ಹೊಟ್ಟೆಯ ಶುಗರ್ ನೋಡುವುದಾದರೆ ಎಂಟು ಗಂಟೆ ಏನೂ ತಿಂದಿರಬಾರದು, ನೀರು ಕುಡಿಯಬಹುದು. ಆದರೆ ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೇರೆಯೇ ಹೇಳಬೇಕಾಗುತ್ತದೆ. ಇದನ್ನೆಲ್ಲ ಸ್ಟ್ಯಾಂಡಿಯಲ್ಲಿ ಬರೆಯಲು ಆಗುವುದಿಲ್ಲ, ಬರೆಯಲೂ ಬಾರದು. ಫೋನಿನಲ್ಲಿ ಕೇಳಿ ಹೇಳುವುದೇ ಸರಿ. ಅದಕ್ಕೇ ಒಬ್ಬರೇ ಎತ್ತುವ ಒಂದೇ ನಂಬರ್ ಬೇಕು. ಶಿಬಿರ ಇಲ್ಲದ ತಿಂಗಳಲ್ಲೂ ರೀಚಾರ್ಜ್ ಮಾಡುತ್ತಿರಿ. ಸಿಮ್ ಬಳಸದೆ ಬಿಟ್ಟರೆ ನಂಬರ್ ಬೇರೆಯವರ ಪಾಲಾಗುತ್ತದೆ, ಆಗ ಇಡೀ ಸ್ಟ್ಯಾಂಡಿ ದಂಡ.

ದಿನ ಮತ್ತು ಜಾಗ ಪ್ರಿಂಟ್ ಮಾಡಿಸಲಿಲ್ಲ. ನಡುವೆ ಖಾಲಿ ಬಿಳಿ ಜಾಗ ಬಿಟ್ಟು, ಪ್ರತಿ ಸಲ ಎ3 ಹಾಳೆ ಅಂಟಿಸುತ್ತೇವೆ. ಪೇಪರ್ ಟೇಪ್ ಮಾತ್ರ ಬಳಸಿ, ಪ್ಯಾಕಿಂಗ್ ಟೇಪ್ ಇಂಕನ್ನೇ ಕಿತ್ತುಕೊಂಡು ಬರುತ್ತದೆ. ಹಾಳೆ ತೆಗೆದ ಮೇಲೇ ಸುತ್ತಬೇಕು.

ಕನ್ನಡ ಅಕ್ಷರದ ಬಗ್ಗೆ ಒಂದು ಮಾತು. ಸಾಲುಗಳನ್ನು ಒತ್ತಾಗಿ ಇಟ್ಟರೆ "ಆರೋಗ್ಯ"ದ ಯ ಒತ್ತು ಕೆಳಗಿನ "ಬಿಪಿ"ಯ ಗುಡಿಸಿಗೆ ತಾಗುತ್ತದೆ. ದೂರದಿಂದ ಎರಡೂ ಗೊಂದಲ. ಇನ್ನು, ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಅಂಗಡಿಯಲ್ಲಿ ನುಡಿ ಫಾಂಟ್‌ಗೆ ಬದಲಿಸುವಾಗ "ಸಂಪರ್ಕ"ದ ಅರ್ಕಾವತ್ತು ಜಾಗ ತಪ್ಪಿತ್ತು. ಪ್ರಿಂಟ್‌ಗೆ ಹೋಗುವ ಕೊನೆಯ ಫೈಲನ್ನೇ ಕೇಳಿ ಓದಿದ್ದರಿಂದ ಸಿಕ್ಕಿತು.

ಮಾಲಿನ ವಿಷಯಕ್ಕೆ ಬಂದರೆ, ಫ್ಲೆಕ್ಸ್ ಬೇಡ. ಕೆಲವೇ ದಿನಕ್ಕೆ ಎರಡೂ ಅಂಚು ಒಳಗೆ ಮುದುಡುತ್ತದೆ. ನಾವು ಹರಿಯದ ಫಿಲ್ಮ್ ಮೇಲೆ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದ್ದೇವೆ. ಟ್ಯೂಬ್‌ಲೈಟ್ ಬೆಳಕಿಗೆ ಹೊಳೆಯುವುದಿಲ್ಲ, ಅಂಚು ಇನ್ನೂ ನೆಟ್ಟಗಿದೆ. ಮಲ್ಪೆಯಲ್ಲಿ ಜೂನ್, ಜುಲೈ ಮೀನುಗಾರಿಕೆ ರಜೆಯಲ್ಲಿ ಜನ ಊರಲ್ಲೇ ಇರುತ್ತಾರೆ, ಹಾಗಾಗಿ ಆಗ ಶಿಬಿರ ಇಡುತ್ತೇವೆ. ದಕ್ಕೆಯ ಗಾಳಿಗೆ ಇದು ಹೊರಗೆ ನಿಲ್ಲುವುದೇ ಇಲ್ಲ. ಹಾಲ್ ಒಳಗೆ, ಬಾಗಿಲಿನ ಪಕ್ಕ ಇಟ್ಟು, ಕಾಲಿನ ಮೇಲೆ ಮರಳಿನ ಚೀಲ ಹಾಕುತ್ತೇವೆ. ಉಪ್ಪುಗಾಳಿಗೆ ಅಲ್ಯೂಮಿನಿಯಂ ಬೇಸ್‌ಗೆ ಏನೂ ಆಗಿಲ್ಲ, ಕಾಲಿನ ಸ್ಕ್ರೂ ತುಕ್ಕು ಹಿಡಿದಿದೆ. ಕಂಬದ ತುಂಡುಗಳನ್ನು ಜೋಡಿಸುವ ಒಳಗಿನ ಎಲಾಸ್ಟಿಕ್ ಸಡಿಲವಾಗಿದೆ.

ಬೇಸ್ ಒಳಗಿನ ಸ್ಪ್ರಿಂಗ್ ಕೂಡ ಮೊದಲಿನಷ್ಟು ಬಿಗಿ ಇಲ್ಲ, ಕೊನೆಯ ಒಂದಡಿ ಕೈಯಲ್ಲೇ ಒಳಗೆ ತಳ್ಳಬೇಕು. ಇಳಿಸುವಾಗ ಮೇಲಿನ ಪಟ್ಟಿಯನ್ನು ಕೈಬಿಡಬೇಡಿ. ಪಟ್ ಅಂತ ಒಳಗೆ ಹೋದರೆ ಓರೆಯಾಗಿ ಸುತ್ತಿಕೊಂಡು ಅಂಚು ಹಾಳಾಗುತ್ತದೆ. ಒಬ್ಬರು ಕಂಬ ತೆಗೆಯಲಿ, ಇನ್ನೊಬ್ಬರು ಪಟ್ಟಿ ಹಿಡಿದು ನಿಧಾನ ಬಿಡಲಿ. ಫಿಲ್ಮ್ ಚೆನ್ನಾಗಿರುವುದರಿಂದ ಮುಂದಿನ ಜೂನ್‌ಗೆ ಮೊದಲು ಅಗಲವಾದ ಕಾಲಿನ ಹೊಸ ಬೇಸ್ ಮಾತ್ರ ತೆಗೆದುಕೊಂಡು, ಇದೇ ಪ್ರಿಂಟನ್ನು ಅದಕ್ಕೆ ಹಾಕಿಸುತ್ತೇವೆ.